ಕಸದ ಗಾಡಿ ಬರುತ್ತಿಲ್ಲ: ಸಂಪಾದಕರಿಗೆ ಬರೆಯುವುದು ಹೇಗೆ?

ಓದುಗರ ಪ್ರಶ್ನೆ: "ನಮ್ಮ ಬಡಾವಣೆಗೆ ಕಸದ ಗಾಡಿ ಸರಿಯಾಗಿ ಬರುತ್ತಿಲ್ಲ. ಪತ್ರಿಕೆಗೆ ಎರಡು ಸಲ ಬರೆದೆ, ಹಾಕಲಿಲ್ಲ. ಶಾಲೆಯಲ್ಲಿ ಕಲಿತ ಹಾಗೆ 'ಇವರಿಂದ, ಇವರಿಗೆ, ವಿಷಯ' ಎಲ್ಲ ಸರಿಯಾಗಿ ಬರೆದಿದ್ದೆ. ಕರಡು ಕಳಿಸಿದ್ದೇನೆ, ಎರಡು ಪುಟ ಇದೆ. ಎಲ್ಲಿ ತಪ್ಪಿದೆ, ಹೇಗೆ ತಿದ್ದಲಿ?"

ಉತ್ತರ:

ನಿಮ್ಮ ಕರಡನ್ನು ಪೂರ್ತಿ ಓದಿದೆ. ಕನ್ನಡ ಚೆನ್ನಾಗಿದೆ, ಕಾಗುಣಿತದ ತಪ್ಪೂ ಇಲ್ಲ. ಆದರೆ ನೀವು ಹೇಳಬೇಕಾದ ಮಾತು ಎರಡನೇ ಪುಟದ ಕೊನೆಗೆ ಹೋಗಿ ಕೂತಿದೆ. ಅಲ್ಲಿ ಹೀಗೆ ಬರೆದಿದ್ದೀರಿ: "ಗಾಡಿ ಗಣಪತಿ ಗುಡಿಯ ತನಕ ಬಂದು ಅಲ್ಲಿಂದಲೇ ತಿರುಗಿ ಹೋಗುತ್ತದೆ. ಬಂದ ದಿನ, ಬಾರದ ದಿನ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಚಾಲಕರನ್ನು ಕೇಳಿದರೆ ಗಾಡಿ ತುಂಬಿಬಿಟ್ಟಿತು ಅನ್ನುತ್ತಾರೆ." ಈ ಮೂರು ಸಾಲೇ ನಿಮ್ಮ ಪತ್ರ. ಅದಕ್ಕೂ ಮುಂಚಿನ ಒಂದೂವರೆ ಪುಟವನ್ನು ಧಾರಾಳವಾಗಿ ಬಿಡಬಹುದು.

ನಾನು ದಿನಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳ ವಿಭಾಗ ನೋಡಿಕೊಳ್ಳುತ್ತಿದ್ದವನು. ಪತ್ರ ಆರಿಸುವವರಿಗೆ ಸಂಜೆ ಹೊತ್ತು ಸಮಯ ಬಹಳ ಕಡಿಮೆ ಇರುತ್ತದೆ. ಮೊದಲ ಎರಡು ಸಾಲಿನಲ್ಲಿ ಊರು, ರಸ್ತೆ, ತೊಂದರೆ ಸಿಗದಿದ್ದರೆ ಪತ್ರ ಪಕ್ಕಕ್ಕೆ ಹೋಗುತ್ತದೆ. ನಿಮ್ಮದು ಶುರುವಾಗುವುದು ಹೀಗೆ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸ್ವಚ್ಛ ಪರಿಸರವು ಮಾನವನ ಆರೋಗ್ಯಕ್ಕೆ ಅತ್ಯಗತ್ಯವಾಗಿದ್ದು..." ಈ ಸಾಲು ಯಾವ ಊರಿನ ಯಾವ ಪತ್ರಕ್ಕಾದರೂ ಹೊಂದುತ್ತದೆ. ನಿಮ್ಮ 5ನೇ ಅಡ್ಡರಸ್ತೆಯ ಸುದ್ದಿ ಅದರಲ್ಲಿಲ್ಲ. ಆಮೇಲೆ ಗಾಂಧೀಜಿ ಬರುತ್ತಾರೆ, ಡೆಂಗಿ ಬರುತ್ತದೆ, ನಡುವೆ ಬೀದಿನಾಯಿ, ಒಡೆದ ಚರಂಡಿ, ಉರಿಯದ ಬೀದಿದೀಪ. ಎಲ್ಲವೂ ನಿಜವಾದ ತೊಂದರೆಗಳೇ, ಇಲ್ಲ ಅನ್ನುವುದಿಲ್ಲ. ಆದರೆ ದೀಪ ನೋಡುವ ಶಾಖೆ ಬೇರೆ, ಚರಂಡಿ ನೋಡುವ ಎಂಜಿನಿಯರ್ ಬೇರೆ, ಕಸ ನೋಡುವ ಆರೋಗ್ಯ ಶಾಖೆ ಬೇರೆ. ಮೂವರಿಗೂ ಸೇರಿದ ಪತ್ರ ಕೊನೆಗೆ ಯಾರ ಮೇಜಿಗೂ ಹೋಗುವುದಿಲ್ಲ.

ಶಾಲೆಯ ನಮೂನೆಯ ಬಗ್ಗೆಯೂ ಹೇಳಿಬಿಡುತ್ತೇನೆ. "ಇವರಿಂದ, ಇವರಿಗೆ, ಮಾನ್ಯರೇ, ವಿಷಯ" ಇವೆಲ್ಲ ಪರೀಕ್ಷೆಯಲ್ಲಿ ಅಂಕ ಕೊಡುವ ಭಾಗಗಳು. ಪತ್ರಿಕೆಯಲ್ಲಿ ಅಚ್ಚಾಗುವುದು ಒಂದು ತಲೆಬರಹ, ಪತ್ರದ ಒಡಲು, ಕೆಳಗೆ ನಿಮ್ಮ ಹೆಸರು ಮತ್ತು ಊರು, ಅಷ್ಟೇ. ನಮೂನೆ ಹಾಕಿದ್ದು ತಪ್ಪಲ್ಲ. ಆದರೆ ಪತ್ರ ನಿಲ್ಲುವುದು ಅದರ ಮೇಲಲ್ಲ. "ತಮ್ಮ ಪ್ರತಿಷ್ಠಿತ ಪತ್ರಿಕೆಯ ಮೂಲಕ" ಅನ್ನುವ ಮಾತನ್ನಂತೂ ಸಂಪಾದಕರು ಮೊದಲು ಹೊಡೆದುಹಾಕುತ್ತಾರೆ.

ಎಲ್ಲಿಗೆ ಕಳಿಸಿದಿರಿ ಅನ್ನುವುದೂ ಮುಖ್ಯ. ನೀವು ಬರೆದಿರುವ ವಿಳಾಸ ನೋಡಿದರೆ ಬೆಂಗಳೂರಿನ ಕೇಂದ್ರ ಕಚೇರಿಗೆ, ಸಂಪಾದಕೀಯ ಪುಟದ ವಿಭಾಗಕ್ಕೆ ಕಳಿಸಿದ್ದೀರಿ. ಪ್ರಜಾವಾಣಿಯ 'ವಾಚಕರ ವಾಣಿ'ಯಂಥ ಅಂಕಣವನ್ನು ರಾಜ್ಯವಿಡೀ ಓದುತ್ತದೆ. ಅಲ್ಲಿ ಜಾಗ ಸಿಗುವುದು ಹೆಚ್ಚಾಗಿ ಎಲ್ಲರಿಗೂ ಸಂಬಂಧಿಸಿದ ವಿಚಾರಗಳಿಗೆ. ಒಂದು ಬಡಾವಣೆಯ ಮೂರು ರಸ್ತೆಯ ಕಸ ಬೀದರ್‌ನವರಿಗೂ ಕೊಡಗಿನವರಿಗೂ ಏನು ಮಾಡೀತು? ನಿಮ್ಮ ಪತ್ರದ ಜಾಗ ಜಿಲ್ಲಾ ಪುಟ. ಪತ್ರಿಕೆಗಳ ಜಿಲ್ಲಾ ಕಚೇರಿಯವರು ಇಂಥ ಕುಂದುಕೊರತೆಗಳನ್ನು ಹುಡುಕುತ್ತಲೇ ಇರುತ್ತಾರೆ. ಇನ್ನೂ ಒಳ್ಳೆಯದು ಊರಿನದೇ ಪತ್ರಿಕೆ. ಮೈಸೂರಿನವರಿಗೆ 'ಆಂದೋಲನ', 'ಮೈಸೂರು ಮಿತ್ರ' ಇರುವ ಹಾಗೆ ಬಹುಪಾಲು ಜಿಲ್ಲಾ ಕೇಂದ್ರಗಳಲ್ಲಿ ಸ್ಥಳೀಯ ದಿನಪತ್ರಿಕೆ ಇದ್ದೇ ಇರುತ್ತದೆ. ನಗರಸಭೆಯ ಅಧಿಕಾರಿಗಳು ಬೆಳಗ್ಗೆ ಮೊದಲು ತೆರೆಯುವುದೂ ಅದನ್ನೇ, ಅಥವಾ ಜಿಲ್ಲಾ ಪುಟವನ್ನೇ. ನಿಮ್ಮ ಪತ್ರವನ್ನು ಓದಬೇಕಾದವರು ಅವರೇ ಅಲ್ವಾ?

ಈಗ ನಿಮ್ಮ ಕ್ಯಾಲೆಂಡರಿಗೆ ಬರುತ್ತೇನೆ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಗಾಡಿ ಬಂದ ದಿನ ಸರಿ ಗುರುತು, ಬಾರದ ದಿನ ಸೊನ್ನೆ ಹಾಕಿದ್ದೀರಿ. ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಜೂನ್ 1ರಿಂದ 20ರವರೆಗೆ ಭಾನುವಾರಗಳನ್ನು ಬಿಟ್ಟರೆ 18 ದಿನ. ಅದರಲ್ಲಿ ಸರಿ ಗುರುತು ಇರುವುದು 7. 9ರಿಂದ 12ರವರೆಗೆ ಸಾಲಾಗಿ ನಾಲ್ಕು ಸೊನ್ನೆ. ಆದರೆ ಪತ್ರದಲ್ಲಿ ಬರೆದದ್ದು "ಹಲವಾರು ದಿನಗಳಿಂದ ಕಸ ವಿಲೇವಾರಿ ಆಗುತ್ತಿಲ್ಲ" ಅಂತ. ಹೀಗೆ ಬರೆದರೆ ಅಧಿಕಾರಿಗೆ ಉತ್ತರ ಸುಲಭ: "ಆ ವಾರ್ಡ್‌ಗೆ ದಿನಾ ಗಾಡಿ ಹೋಗುತ್ತಿದೆ." ಅವರು ಸುಳ್ಳು ಹೇಳುತ್ತಿಲ್ಲ. ಗುಡಿಯ ತನಕ ಗಾಡಿ ಹೋಗುತ್ತಲೇ ಇದೆ. 18ರಲ್ಲಿ 7 ದಿನ, ಇಂಥ ಮೂರು ರಸ್ತೆ ಅಂತ ಬರೆದರೆ ಆ ಉತ್ತರ ನಡೆಯುವುದಿಲ್ಲ.

ಗಾಡಿ ಯಾಕೆ ತಪ್ಪುತ್ತಿದೆ ಅನ್ನುವುದು ಆ ಸೊನ್ನೆಗಳಲ್ಲೇ ಅರ್ಧ ಗೊತ್ತಾಗುತ್ತದೆ. ಪ್ರತಿ ವಾರ ಒಂದೇ ದಿನ ತಪ್ಪುತ್ತಿದ್ದರೆ ಅದು ಸಾಮಾನ್ಯವಾಗಿ ಚಾಲಕರ ರಜೆಯ ದಿನ, ಬದಲಿ ಚಾಲಕರನ್ನು ಹಾಕಿಲ್ಲ. ಇಡೀ ವಾರ್ಡಿಗೆ ಸಾಲಾಗಿ ಬಾರದಿದ್ದರೆ ಗಾಡಿ ಕೆಟ್ಟು ಗ್ಯಾರೇಜಿನಲ್ಲಿರಬಹುದು, ಸಂಬಳ ಬಾಕಿಯಾಗಿ ಕೆಲಸ ನಿಂತಿರಬಹುದು, ಇಲ್ಲವೇ ಕಸ ಸುರಿಯುವ ಜಾಗದಲ್ಲೇ ತಕರಾರು ಎದ್ದಿರಬಹುದು. ಗಾಡಿ ಬಂದೂ ಕೆಲವು ಮನೆಯದನ್ನು ತೆಗೆದುಕೊಳ್ಳದಿದ್ದರೆ, ಹಸಿ ಒಣ ಕಸ ಬೆರೆಸಿ ಕೊಟ್ಟದ್ದು ಕಾರಣ ಇರಬಹುದು. ನಿಮ್ಮದು ಇವು ಯಾವುದೂ ಅಲ್ಲ. ಗಾಡಿ ಬರುತ್ತದೆ, ಆದರೆ ಗುಡಿಯಿಂದ ಮುಂದಕ್ಕೆ ಬರುವುದಿಲ್ಲ. ಅಂದರೆ ನಿಮ್ಮ ಮೂರು ಅಡ್ಡರಸ್ತೆಗಳು ಆ ಗಾಡಿಯ ಮಾರ್ಗದ ಬಾಲದಲ್ಲಿವೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪತ್ರದ ಬೇಡಿಕೆ ಇದರ ಮೇಲೆಯೇ ನಿಲ್ಲುತ್ತದೆ. ಒಂದು ಆಟೊ ಟಿಪ್ಪರ್‌ಗೆ ಇಷ್ಟು ಮನೆ ಅಂತ ಲೆಕ್ಕ ಇರುತ್ತದೆ. ಬೆಂಗಳೂರಿನಲ್ಲಿ ಸುಮಾರು 750 ಮನೆಗೆ ಒಂದು ಅಂತ ಇಟ್ಟುಕೊಂಡಿದ್ದರು. ಬಡಾವಣೆ ಬೆಳೆದು, ಒಂದೊಂದು ನಿವೇಶನದಲ್ಲಿ ಮೂರು ಬಾಡಿಗೆ ಮನೆ ಎದ್ದರೂ ಗಾಡಿ ಮಾತ್ರ ಅದೇ ಒಂದು. ಆಗ ಮಾರ್ಗದ ಕೊನೆ ಮುಟ್ಟುವ ಮುಂಚೆಯೇ ಗಾಡಿ ತುಂಬುತ್ತದೆ. ಕಸ ಸುರಿದು ಮತ್ತೆ ಬರಬೇಕು. ಸುರಿಯುವ ಜಾಗ ದೂರವಿದ್ದರೆ ಎರಡನೇ ಟ್ರಿಪ್‌ಗೆ ಹೊತ್ತಾಗುತ್ತದೆ, ಅವತ್ತು ಬಾಲದ ರಸ್ತೆಗಳು ತಪ್ಪುತ್ತವೆ. ಇನ್ನು ಮಾರ್ಗದ ಎಲ್ಲ ಮನೆಗೂ ಒಂದು ದಿನ ತಪ್ಪಿತು ಅನ್ನಿ, ಹಬ್ಬವೋ ರಿಪೇರಿಯೋ ಏನೋ ಒಂದು. ಮರುದಿನ ಮಾರ್ಗದ ಮೊದಲ ಮನೆಗಳವರೇ ಎರಡೆರಡು ದಿನದ ಕಸ ಕೊಡುತ್ತಾರೆ. ಗಾಡಿ ಇನ್ನೂ ಬೇಗ ತುಂಬುತ್ತದೆ, ಬಾಲದವರಿಗೆ ಮತ್ತೆ ಇಲ್ಲ. ನಿಮ್ಮ ಕ್ಯಾಲೆಂಡರಿನಲ್ಲಿ ಸೊನ್ನೆಗಳು ಗುಂಪುಗುಂಪಾಗಿ ಇರುವುದನ್ನು ನೋಡಿದರೆ ಇಲ್ಲೂ ಹೀಗೇ ಆಗುತ್ತಿರಬೇಕು. ಚಾಲಕರು ಹೇಳಿದ್ದೂ ಇದನ್ನೇ.

ಹಾಗಿದ್ದ ಮೇಲೆ "ಪೌರಕಾರ್ಮಿಕರು ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದಾರೆ" ಅಂತ ನೀವು ಬರೆದ ಸಾಲು ನ್ಯಾಯವಲ್ಲ. ದಯವಿಟ್ಟು ತೆಗೆದುಬಿಡಿ. ಮಾರ್ಗ ಗೊತ್ತುಮಾಡುವವರು ಅವರಲ್ಲ. ಪತ್ರ ಅಚ್ಚಾದ ದಿನ ನೋಟಿಸ್ ಹೋಗುವುದು ಮಾತ್ರ ಮೊದಲು ಅವರಿಗೇ. ಚಾಲಕರು, ಜೊತೆಗೆ ಕಸ ಎತ್ತುವವರು ಬಹಳ ಕಡೆ ಗುತ್ತಿಗೆಯವರು. ಒಂದು ಸಾಲಿಗೆ ಕೆಲಸ ಹೋದರೂ ಹೋದೀತು, ಗಾಡಿ ಮಾತ್ರ ಗುಡಿಯ ಹತ್ತಿರವೇ ತಿರುಗುತ್ತಿರುತ್ತದೆ. ಅದೇ ಕಾರಣಕ್ಕೆ ಚಾಲಕರ ಹೆಸರನ್ನೂ ಗಾಡಿಯ ನೋಂದಣಿ ಸಂಖ್ಯೆಯನ್ನೂ ಹಾಕಬೇಡಿ. "ಗಾಡಿ ತುಂಬಿತು ಅನ್ನುತ್ತಾರೆ" ಅನ್ನುವ ಅವರ ಮಾತನ್ನೂ ಬಿಟ್ಟುಬಿಡಿ. ಅದನ್ನು ನೀವು ತಿಳಿದುಕೊಂಡಿದ್ದರೆ ಸಾಕು. "ಗುತ್ತಿಗೆದಾರರು ಹಣ ಹೊಡೆಯುತ್ತಿದ್ದಾರೆ" ಅನ್ನುವ ಮಾತನ್ನೂ ದಾಖಲೆ ಇಲ್ಲದೆ ಯಾವ ಸಂಪಾದಕರೂ ಹಾಕುವುದಿಲ್ಲ. ಆ ಒಂದು ವಾಕ್ಯಕ್ಕಾಗಿ ಇಡೀ ಪತ್ರ ಬುಟ್ಟಿ ಸೇರುವುದನ್ನು ನೋಡಿದ್ದೇನೆ.

ಹಾಗಾದರೆ ಯಾರನ್ನು ಕೇಳಬೇಕು? "ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಬೇಕು" ಅಂತ ಮುಗಿಸಿದ್ದೀರಿ. ಆ ಸಂಬಂಧಪಟ್ಟವರು ಯಾರು ಅಂತ ಬರೆದವರಿಗೇ ಗೊತ್ತಿಲ್ಲದಿದ್ದರೆ ಓದಿದವರು ಯಾರೂ ತಮ್ಮ ಮೇಲೆ ಹಾಕಿಕೊಳ್ಳುವುದಿಲ್ಲ. ನಗರಸಭೆಯಲ್ಲಿ ಬೆಳಗ್ಗೆ ರಸ್ತೆಯ ಕೆಲಸ ನೋಡುವವರು ದಫೇದಾರರು ಅಥವಾ ಮೇಸ್ತ್ರಿ. ಅವರ ಮೇಲೆ ಆರೋಗ್ಯ ನಿರೀಕ್ಷಕರು, ಕಸ ಸಾಗಣೆಯ ಯೋಜನೆ ನೋಡಲು ಪರಿಸರ ಎಂಜಿನಿಯರ್, ಎಲ್ಲರ ಮೇಲೆ ಪೌರಾಯುಕ್ತರು. ಮಾರ್ಗ ಬದಲಿಸುವುದು, ಎರಡನೇ ಟ್ರಿಪ್ ಹಾಕಿಸುವುದು ಆರೋಗ್ಯ ಶಾಖೆಯ ಕೈಯಲ್ಲಿದೆ. ಹುದ್ದೆಯ ಹೆಸರು ಹೇಳಿ, ವ್ಯಕ್ತಿಯ ಹೆಸರು ಬೇಡ. ವ್ಯಕ್ತಿ ವರ್ಗವಾಗಿ ಹೋಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ.

ಪತ್ರಕ್ಕೆ ಮುಂಚೆ ಒಂದು ದೂರು ಕೊಟ್ಟಿರಬೇಕು. ಪತ್ರಿಕೆಯವರು ಫೋನ್ ಮಾಡಿದರೆ "ನಮ್ಮ ಗಮನಕ್ಕೇ ಬಂದಿಲ್ಲ" ಅಂತ ಅಧಿಕಾರಿಗಳು ಹೇಳುವುದು ರೂಢಿ. ಆ ಬಾಗಿಲನ್ನು ಮೊದಲೇ ಮುಚ್ಚಬೇಕು. ಜೂನ್ 15ರಂದು ನಗರಸಭೆಗೆ ಹೋಗಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದೀರಂತೆ, ಆದರೆ ಕರಡಿನಲ್ಲಿ ಅದರ ಸುದ್ದಿಯೇ ಇಲ್ಲ! ಅದು ಪತ್ರದಲ್ಲಿ ಬರಲೇಬೇಕು. ಇನ್ನೂ ದೂರು ಕೊಡದವರು ನಗರಸಭೆ, ಪುರಸಭೆಗಳಿಗೆ ಇರುವ 'ಜನಹಿತ' ಆ್ಯಪ್‌ನಲ್ಲೋ, ರಾಜ್ಯ ಸರ್ಕಾರದ 1902 ಸಹಾಯವಾಣಿಯಲ್ಲೋ ದೂರು ದಾಖಲಿಸಬಹುದು. ಅಲ್ಲಿ ಸಿಗುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಕಾನೂನಿನ ವಿಷಯಕ್ಕೆ ನೀವು ಒಂದು ಪ್ಯಾರಾ ಕೊಟ್ಟಿದ್ದೀರಿ. ಅಷ್ಟು ಬೇಕಿಲ್ಲ. ಮನೆ ಮನೆಯಿಂದ ಕಸ ಸಂಗ್ರಹಿಸುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದು ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬಂದಿದೆ. ಇದು ಅಧಿಕಾರಿಗಳಿಗೆ ಗೊತ್ತಿಲ್ಲದ್ದಲ್ಲ. ಅದೇ ನಿಯಮಗಳು ಕಸ ಬೇರ್ಪಡಿಸಿ ಕೊಡುವ ಹೊಣೆಯನ್ನು ನಮ್ಮ ಮೇಲೆ ಹಾಕಿವೆ. ಆದ್ದರಿಂದ "ಬೇರ್ಪಡಿಸಿಯೇ ಇಟ್ಟಿರುತ್ತೇವೆ" ಅನ್ನುವ ನಾಲ್ಕು ಮಾತು ನಿಯಮದ ಸಂಖ್ಯೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಅದು ನಿಜವಾಗಿರಬೇಕು ಅಷ್ಟೇ. ಸುಮ್ನೆ ಬರೆದು, ಮರುದಿನ ಆರೋಗ್ಯ ನಿರೀಕ್ಷಕರು ಬಂದು ಬುಟ್ಟಿ ನೋಡಿದಾಗ ಅನ್ನದ ಜೊತೆ ಪ್ಲಾಸ್ಟಿಕ್ ಸಿಕ್ಕರೆ ಪತ್ರಕ್ಕೆ ಬೆಲೆ ಉಳಿಯುವುದಿಲ್ಲ. ಕಳಿಸುವ ಮುಂಚೆ ಆಚೀಚೆ ಮನೆಯವರನ್ನು ಒಂದು ಮಾತು ಕೇಳಿ.

ಇನ್ನೊಂದು ವಿಷಯವನ್ನು ನೀವು ಮುಚ್ಚಿಡಲು ನೋಡಿದ್ದೀರಿ. 6ನೇ ಅಡ್ಡರಸ್ತೆಯ ಕೊನೆಯ ಖಾಲಿ ನಿವೇಶನದಲ್ಲಿ ಕಸದ ರಾಶಿ ಬಿದ್ದಿದೆ ಅಂತ ಬರೆದಿದ್ದೀರಿ. ಹಾಕಿದವರು ಯಾರು ಅಂತ ಬರೆದಿಲ್ಲ. ರಸ್ತೆಯವರೇ ಹಾಕುತ್ತಿದ್ದಾರೆ, ಅಲ್ವಾ? ನಾಲ್ಕು ದಿನದ ಹಸಿ ಕಸ ಅಡುಗೆಮನೆಯಲ್ಲಿ ಕೊಳೆತು, ಬುಟ್ಟಿಯ ತಳದಲ್ಲಿ ನೀರು ಇಳಿದು, ಹುಳು ಕಾಣಿಸಿದ ಮೇಲೆ ಯಾರೋ ಒಬ್ಬರು ರಾತ್ರಿ ಹೋಗಿ ಚೀಲ ಎಸೆದಿರುತ್ತಾರೆ. ಮೊದಲ ಚೀಲ ಬಿದ್ದ ಮೇಲೆ ಹತ್ತನೆಯದು ಬೀಳಲು ಹೊತ್ತು ಬೇಕಿಲ್ಲ. ಅದನ್ನು ನೀವೇ ಹೇಳಿಬಿಡಿ. ಹೇಳದಿದ್ದರೆ ಅಧಿಕಾರಿಗಳು ಹೇಳುತ್ತಾರೆ: "ಅಲ್ಲಿನ ನಿವಾಸಿಗಳೇ ಎಲ್ಲೆಂದರಲ್ಲಿ ಕಸ ಎಸೆಯುತ್ತಾರೆ." ಅಲ್ಲಿಗೆ ಮಾತು ಗಾಡಿಯಿಂದ ನಿಮ್ಮ ಮೇಲೆ ತಿರುಗುತ್ತದೆ. ಗಾಡಿ ಬಾರದ್ದು ಮೊದಲು, ಚೀಲ ಬಿದ್ದದ್ದು ಆಮೇಲೆ ಅಂತ ನೀವೇ ಬರೆದರೆ ಯಾವುದರಿಂದ ಯಾವುದಾಯಿತು ಅಂತ ಓದುಗರಿಗೆ ಸ್ಪಷ್ಟವಾಗುತ್ತದೆ.

ಇಷ್ಟನ್ನು ಇಟ್ಟುಕೊಂಡು ನಿಮ್ಮ ಪತ್ರವನ್ನು ಹೀಗೆ ತಿದ್ದಿದ್ದೇನೆ. ವಾರ್ಡ್, ಮನೆಗಳ ಸಂಖ್ಯೆ ಎಲ್ಲ ನಿಮ್ಮ ಕರಡಿನದೇ.

ಗುಡಿಯಿಂದ ಮುಂದಕ್ಕೆ ಬಾರದ ಕಸದ ಗಾಡಿ

ನಗರದ 17ನೇ ವಾರ್ಡಿನಲ್ಲಿ ಕಸ ಸಂಗ್ರಹಿಸುವ ಆಟೊ ಟಿಪ್ಪರ್ ನಮ್ಮ ಬಡಾವಣೆಯ ಗಣಪತಿ ಗುಡಿಯವರೆಗೆ ಬಂದು ವಾಪಸ್ ಹೋಗುತ್ತಿದೆ. ಗುಡಿಯಿಂದ ಮುಂದಿನ 4, 5 ಮತ್ತು 6ನೇ ಅಡ್ಡರಸ್ತೆಗಳಿಗೆ ಜೂನ್ 1ರಿಂದ 20ರವರೆಗಿನ 18 ದಿನಗಳಲ್ಲಿ (ಭಾನುವಾರ ಬಿಟ್ಟು) ಬಂದಿರುವುದು 7 ದಿನ ಮಾತ್ರ. 9ರಿಂದ 12ರವರೆಗೆ ಸತತ ನಾಲ್ಕು ದಿನ ಬರಲಿಲ್ಲ. ಈ ರಸ್ತೆಗಳಲ್ಲಿ ಸುಮಾರು 90 ಮನೆಗಳಿವೆ. ಹಸಿ ಕಸ, ಒಣ ಕಸ ಬೇರ್ಪಡಿಸಿಯೇ ಇಟ್ಟಿರುತ್ತೇವೆ. ಗಾಡಿ ಬಾರದೆ ಕಸ ಕೊಳೆತಾಗ ಕೆಲವರು 6ನೇ ಅಡ್ಡರಸ್ತೆ ಕೊನೆಯ ಖಾಲಿ ನಿವೇಶನದಲ್ಲಿ ಎಸೆಯುತ್ತಿದ್ದು, ಅಲ್ಲೀಗ ರಾಶಿ ಬಿದ್ದಿದೆ. ಪಕ್ಕದಲ್ಲೇ ಅಂಗನವಾಡಿ ಇದೆ. ಜೂನ್ 15ರಂದು ನಗರಸಭೆಗೆ ಲಿಖಿತ ದೂರು ಕೊಟ್ಟರೂ ಬದಲಾವಣೆ ಆಗಿಲ್ಲ. ಈ ಮೂರು ರಸ್ತೆಗಳಿಗೆ ಪ್ರತಿದಿನ ಗಾಡಿ ಬರುವಂತೆ ಆರೋಗ್ಯ ಶಾಖೆ ಮಾರ್ಗ ಬದಲಿಸಬೇಕು ಅಥವಾ ಎರಡನೇ ಟ್ರಿಪ್ ಹಾಕಬೇಕು. ರಾಶಿಯನ್ನು ಒಮ್ಮೆ ತೆರವು ಮಾಡಿಸಿದರೆ ಮತ್ತೆ ಬೀಳದಂತೆ ನಾವು ನೋಡಿಕೊಳ್ಳುತ್ತೇವೆ.

ಇಷ್ಟೇ. ಸಿಟ್ಟಿನ ಒಂದು ಪದವೂ ಇಲ್ಲ, ಆದರೂ ಓದಿದವರಿಗೆ ಸಿಟ್ಟು ಬರುತ್ತದೆ. ಜಾಗ ಸಾಲದಿದ್ದರೆ ಉಪಸಂಪಾದಕರು ಸಾಮಾನ್ಯವಾಗಿ ಕೊನೆಯಿಂದ ಕತ್ತರಿಸುತ್ತಾ ಬರುತ್ತಾರೆ. ಅದಕ್ಕೇ ರಸ್ತೆ, ದಿನಗಳ ಲೆಕ್ಕ ಮೊದಲ ಎರಡು ವಾಕ್ಯದಲ್ಲೇ ಇವೆ. ಕೊನೆಯ ನಾಲ್ಕು ಸಾಲು ಹಾರಿಹೋದರೂ ಪತ್ರ ನಿಲ್ಲುತ್ತದೆ. ಅಂಗನವಾಡಿಗೆ ಒಂದು ಸಣ್ಣ ವಾಕ್ಯ ಸಾಕು. ಅದರ ಮೇಲೆ ಮಕ್ಕಳ ಆರೋಗ್ಯದ ಬಗ್ಗೆ ಬರೆಯಲು ಹೋದರೆ ಮತ್ತೆ ಎಲ್ಲ ಊರಿನ ಪತ್ರವಾಗುತ್ತದೆ.

ಕೊನೆಯ ವಾಕ್ಯವನ್ನು ಮಾತ್ರ ರಸ್ತೆಯವರನ್ನು ಕೇಳಿ ಇಟ್ಟುಕೊಳ್ಳಿ. ಅವರು ಒಪ್ಪದಿದ್ದರೆ ತೆಗೆಯಿರಿ.

ಕಳಿಸುವ ರೀತಿಯಲ್ಲೂ ಒಂದೆರಡು ತೊಡಕು ಇವೆ. ನಿಮ್ಮ ಮಗ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅದನ್ನೇ ಇಮೇಲ್‌ಗೆ ಅಂಟಿಸಿದ್ದಾರೆ. ಅದು ಯೂನಿಕೋಡ್ ಅಲ್ಲದ್ದರಿಂದ ಆ ಕಡೆ ತೆರೆದವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನನಗೆ ಬಂದದ್ದೂ ಹಾಗೇ ಇತ್ತು, ಅದನ್ನು ಪರಿವರ್ತಿಸಿ ಓದಬೇಕಾಯಿತು. ಪತ್ರಿಕೆಯಲ್ಲಿ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡಿದರೆ ಯೂನಿಕೋಡ್‌ನಲ್ಲೇ ಇರುತ್ತದೆ. ಪತ್ರವನ್ನು ಇಮೇಲ್‌ನ ಒಳಗೇ ಬರೆಯಿರಿ. ಪಿಡಿಎಫ್ ಬೇಡ, ಅದರಿಂದ ಅಕ್ಷರ ತೆಗೆದು ಪುಟಕ್ಕೆ ಹಾಕುವುದು ಕಷ್ಟ. ಕೈಬರಹ ಆದರೂ ಪರವಾಗಿಲ್ಲ, ಹಾಳೆಯ ಒಂದೇ ಬದಿ ಬಿಡಿಸಿ ಬರೆದಿರಬೇಕು.

ಹೆಸರು, ಪೂರ್ತಿ ವಿಳಾಸ, ಫೋನ್ ನಂಬರ್ ಕೊಡಲೇಬೇಕು. ನಿಮ್ಮ ಕರಡಿನ ಕೆಳಗೆ "ನೊಂದ ನಾಗರಿಕರು" ಅಂತಿದೆ. ಹೆಸರಿಲ್ಲದ ದೂರನ್ನು ಪತ್ರಿಕೆ ಹಾಕುವುದಿಲ್ಲ. ಅದರ ಹೊಣೆ ಯಾರದು ಅಂತ ಅವರಿಗೆ ಗೊತ್ತಿರಬೇಕು, ಬೇಕಾದರೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಅಚ್ಚಾಗುವಾಗ ಹೆಸರು, ಊರು ಮಾತ್ರ ಬರಲಿ, ಮನೆ ಸಂಖ್ಯೆ ಬೇಡ ಅಂತ ಕೇಳಿಕೊಳ್ಳಬಹುದು. ಫೋಟೊ ಕಳಿಸುವುದಾದರೆ ಒಂದೇ ಸಾಕು. ಬರೀ ಕಸದ ರಾಶಿಯ ಫೋಟೊ ಯಾವ ಊರಿನದು ಅಂತ ಹೇಳಲಾಗದು. ರಾಶಿಯ ಹಿಂದೆ ಅಡ್ಡರಸ್ತೆಯ ಫಲಕವೋ ಅಂಗನವಾಡಿಯ ಬೋರ್ಡೋ ಕಾಣುವ ಹಾಗೆ ತೆಗೆಯಿರಿ, ತೆಗೆದ ದಿನಾಂಕ ಬರೆಯಿರಿ. ಮಕ್ಕಳ ಮುಖ ಬರಬಾರದು. ಒಂದೇ ಪತ್ರವನ್ನು ಒಂದೇ ದಿನ ನಾಲ್ಕು ಪತ್ರಿಕೆಗೆ ಕಳಿಸಬೇಡಿ. ಬೇರೆ ಕಡೆ ಬಂದದ್ದು ಗೊತ್ತಾದರೆ ಮುಂದಿನ ಸಲ ನಿಮ್ಮ ಹೆಸರು ನೋಡಿದೊಡನೆ ಹಿಂಜರಿಯುತ್ತಾರೆ. ಒಂದಕ್ಕೆ ಕಳಿಸಿ, ಒಂದು ವಾರ ನೋಡಿ, ಬರದಿದ್ದರೆ ದಿನಾಂಕಗಳನ್ನು ಹೊಸದು ಮಾಡಿ ಇನ್ನೊಂದಕ್ಕೆ ಕಳಿಸಿ. ಹಳೆಯ ದಿನಾಂಕದ ದೂರು ಹಳಸಿದಂತೆಯೇ.

ಪತ್ರ ಅಚ್ಚಾದ ದಿನ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೆ ಅರ್ಧ ಕೆಲಸ ಅಲ್ಲೇ ಇದೆ. ಆ ತುಣುಕನ್ನು ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ, ಮೇಲೆ ಪತ್ರಿಕೆಯ ಹೆಸರು, ದಿನಾಂಕ, ಪುಟ ಬರೆಯಿರಿ. ಜೂನ್ 15ರ ದೂರಿನ ನಕಲಿನ ಜೊತೆ ಪೌರಾಯುಕ್ತರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಬಂದದ್ದು ಅವರ ಕಣ್ಣಿಗೆ ಬಿದ್ದಿರಬಹುದು, ಬೀಳದೆಯೂ ಇರಬಹುದು. ಟಪಾಲಿನಲ್ಲಿ ಬಂದದ್ದಕ್ಕೆ ಮಾತ್ರ ಒಂದು ಸಂಖ್ಯೆ ಬೀಳುತ್ತದೆ, ಆಮೇಲೆ ಅದನ್ನು ಹಿಡಿದು ಕೇಳಬಹುದು.

ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ನಿಲ್ಲಿಸಬೇಡಿ. ಸಾಮಾನ್ಯವಾಗಿ ಪತ್ರ ಬಂದ ಮರುದಿನದಿಂದ ಗಾಡಿ ಮನೆ ಬಾಗಿಲಿಗೇ ಬರುತ್ತದೆ. ಹಾಡೂ ಜೋರಾಗಿ ಕೇಳುತ್ತದೆ. ಒಂದು ವಾರ, ಹತ್ತು ದಿನ ಹೀಗೆ ನಡೆದು ಮತ್ತೆ ಗುಡಿಯ ಹತ್ತಿರ ತಿರುಗಲು ಶುರುವಾಗುತ್ತದೆ. ಯಾಕೆಂದರೆ ಮಾರ್ಗ ಬದಲಾಗಿರುವುದಿಲ್ಲ, ಆ ಕೆಲವು ದಿನಗಳಿಗೆ ಬೇರೆ ವಾರ್ಡಿನ ಗಾಡಿಯನ್ನು ಕಳಿಸಿರುತ್ತಾರೆ. ತಿಂಗಳಿಡೀ ಸರಿಯಾಗಿ ಬಂದರೆ ಅದನ್ನೂ ಪತ್ರಿಕೆಗೆ ಎರಡು ಸಾಲು ಬರೆದು ತಿಳಿಸಿ. ಪತ್ರಿಕೆಗಳು ಇಂಥವನ್ನು 'ಫಲಶ್ರುತಿ' ಅಂತ ಹಾಕುತ್ತವೆ, ಕೆಲಸ ಮಾಡಿದವರಿಗೂ ಅದು ಸಲ್ಲಬೇಕಾದದ್ದೇ.

ಮತ್ತೆ ತಪ್ಪಿದರೆ ಕೂಡಲೇ ಎರಡನೇ ಪತ್ರ ಬರೆಯುವ ಬದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಅನ್ನುವ ಮಿತಿ ಇದೆ. ಆದ್ದರಿಂದ ಎರಡೇ ದಾಖಲೆ ಕೇಳಿ: 17ನೇ ವಾರ್ಡಿನ ಕಸದ ಗಾಡಿಗೆ ಗೊತ್ತುಮಾಡಿರುವ ಮಾರ್ಗ ಮತ್ತು ಮನೆಗಳ ಸಂಖ್ಯೆ, ಜೂನ್ ತಿಂಗಳ ಆ ಗಾಡಿಯ ಲಾಗ್ ಪುಸ್ತಕದ ನಕಲು. ಗಾಡಿಗೆ ಜಿಪಿಎಸ್ ಹಾಕಿದ್ದರೆ ಅದರ ದಾಖಲೆಯನ್ನೂ ಅದೇ ಸಾಲಿನಲ್ಲಿ ಸೇರಿಸಿ. ಮಾರ್ಗದ ಪಟ್ಟಿಯಲ್ಲಿ ನಿಮ್ಮ ಮೂರು ರಸ್ತೆಗಳ ಹೆಸರೇ ಇಲ್ಲದಿದ್ದರೆ, ಅಥವಾ ಇದ್ದೂ ಲಾಗ್ ಪುಸ್ತಕದಲ್ಲಿ ಜೂನ್ 9ರಿಂದ 12ರವರೆಗೆ "ಸಂಗ್ರಹಿಸಲಾಗಿದೆ" ಅಂತ ಬರೆದಿದ್ದರೆ, ಆ ನಕಲನ್ನೂ ಕ್ಯಾಲೆಂಡರಿನ ಫೋಟೊವನ್ನೂ ಹಿಡಿದು ಜಿಲ್ಲಾ ಕಚೇರಿಯ ವರದಿಗಾರರನ್ನೇ ಹೋಗಿ ನೋಡಿ. ಅದು ಓದುಗರ ಪತ್ರದ ಅಂಕಣಕ್ಕಲ್ಲ, ಸುದ್ದಿ ಪುಟಕ್ಕೆ ಹೋಗುವ ವಿಷಯ.